ಬೆಂಕಿಯೇ ಇಲ್ಲದೆ ಹುಡ್‌ನ ಫೈರ್ ಸಿಸ್ಟಮ್ ಓಡಿಬಿಟ್ಟಿದೆ, ಗ್ಯಾಸ್ ಬರ್ತಿಲ್ಲ. ನಾಳೆ ಅಡುಗೆಮನೆ ತೆರೆಯಬಹುದಾ?

ಉಡುಪಿ ಮ್ಯಾನೇಜರ್ · ಶುಕ್ರವಾರ ರಾತ್ರಿ 9:50

ನಮ್ಮದು ಉಡುಪಿ-ಮಣಿಪಾಲ ರಸ್ತೆಯಲ್ಲಿರುವ ಸಸ್ಯಾಹಾರಿ ಹೋಟೆಲ್. ಒಲೆಗಳ ಮೇಲೆ ಹೊಗೆ ಎಳೆಯುವ ಹುಡ್‌ಗೆ ಮೂರು ವರ್ಷದ ಹಿಂದೆ, ಬೆಂಕಿ ಬಿದ್ದರೆ ತಾನಾಗಿ ದ್ರವ ಸಿಂಪಡಿಸಿ ಆರಿಸುವ ವೆಟ್ ಕೆಮಿಕಲ್ ಸಿಸ್ಟಮ್ ಹಾಕಿಸಿದ್ದೇವೆ. ಕೆಳಗೆ ಸಾಲಾಗಿ ಗೋಳಿಬಜೆ, ಬೋಂಡಾ ಕರಿಯುವ ದೊಡ್ಡ ಬಾಣಲೆ, ಎರಡು ದೋಸೆ ಕಾವಲಿ, ಕೊನೆಯಲ್ಲಿ ನಾಲ್ಕು ಬರ್ನರಿನ ಒಲೆ ಇವೆ.

ಇವತ್ತು ಸಂಜೆ ಆರೂವರೆಗೆ ಕರೆಂಟ್ ಹೋಯಿತು. ಜನರೇಟರ್ ಶುರುವಾಯಿತು. ಆದರೆ ಎಕ್ಸಾಸ್ಟ್ ಮೋಟರ್ ಜನರೇಟರ್ ಲೈನಿನಲ್ಲಿ ಇಲ್ಲ. ತಿಂಡಿಯ ಹೊತ್ತು, ಗಿರಾಕಿ ತುಂಬಿದ್ದರು, ಭಟ್ರು ಕರಿಯುವುದನ್ನು ನಿಲ್ಲಿಸಲಿಲ್ಲ. ಸುಮಾರು ಹತ್ತು ನಿಮಿಷ ಆದ ಮೇಲೆ ಹುಡ್ ಒಳಗೆ ‘ಠಕ್’ ಅಂತ ಸದ್ದಾಯಿತು. ಮರುಕ್ಷಣ ಎಲ್ಲ ನಾಝಲ್‌ಗಳಿಂದ ದ್ರವ ಸುರಿಯಿತು. ಬಾಣಲೆಯಲ್ಲಿ ಬಿಳಿ ನೊರೆ ಎದ್ದಿತು, ಕಾವಲಿ ಮೇಲೆ ಹಬೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಿತು. ಗ್ಯಾಸ್ ತಾನಾಗಿಯೇ ನಿಂತಿದೆ. ಯಾರಿಗೂ ಏನೂ ಆಗಿಲ್ಲ. ಬೆಂಕಿ ಅಂತೂ ಒಂದು ಕಿಡಿಯೂ ಇರಲಿಲ್ಲ.

ಸರ್ವೀಸ್‌ನವರು ಮಂಗಳೂರಿನಿಂದ ಭಾನುವಾರವೇ ಬರುವುದಂತೆ. ಬಾಣಲೆಯ ಎಣ್ಣೆ ಸೋಸಿ ಬಳಸಬಹುದಾ? ಗ್ಯಾಸ್ ವಾಲ್ವ್ ನಾವೇ ಮೇಲೆತ್ತಿ ನಾಳೆ ಬೆಳಗಿನ ತಿಂಡಿ ಶುರು ಮಾಡಬಹುದಾ? ಮುಖ್ಯವಾಗಿ, ಬೆಂಕಿ ಇಲ್ಲದೆ ಇದು ಯಾಕೆ ಓಡಿತು?

ಕಾಪು ಕಿರಣ · ರಾತ್ರಿ 10:05

ಹುಡ್ ಒಳಗೆ ಹೊಗೆ ಹಿಡಿಯುವ ಸೆನ್ಸರ್ ಇರುತ್ತದೆ. ಎಕ್ಸಾಸ್ಟ್ ನಿಂತರೆ ಕರಿದ ಹೊಗೆ ಅಲ್ಲೇ ಕಟ್ಟಿಕೊಳ್ಳುತ್ತದೆ ಅಲ್ವಾ? ಅದಕ್ಕೇ ಓಡಿರಬೇಕು. ಸೆನ್ಸರ್ ಒರೆಸಿಟ್ಟರೆ ಸಾಕು.

ಬಜ್ಪೆ ಬಾಬಣ್ಣ · ರಾತ್ರಿ 10:12

ಗ್ಯಾಸ್ ಬರದಿದ್ದರೆ ಮೊದಲು ರೆಗ್ಯುಲೇಟರ್ ನೋಡಿ ಮಾರಾಯ್ರೇ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು, ರಬ್ಬರ್ ವಾಷರ್ ಹೋಗಿತ್ತು. ಏಜೆನ್ಸಿಗೆ ಫೋನ್ ಮಾಡಿದರೆ ಬಂದು ಹಾಕಿಕೊಡುತ್ತಾರೆ.

ಸುರತ್ಕಲ್ ಸರ್ವೀಸ್ · ರಾತ್ರಿ 10:31

ಬಾಬಣ್ಣ, ಇದು ರೆಗ್ಯುಲೇಟರ್ ವಿಷಯ ಅಲ್ಲ. ಸಿಸ್ಟಮ್ ಓಡಿದರೆ ಗ್ಯಾಸ್ ಲೈನಿನ ವಾಲ್ವ್ ಮುಚ್ಚಲೇಬೇಕು, ಅದು ಸರಿಯಾಗಿಯೇ ಮುಚ್ಚಿದೆ. ಕಿರಣ್, ಹೊಗೆಯ ಮಾತು ಅರ್ಧ ಸರಿ. ಎಕ್ಸಾಸ್ಟ್ ನಿಂತದ್ದೇ ಕಾರಣ ಇರಬಹುದು. ಆದರೆ ಇಂಥ ಸಿಸ್ಟಮ್‌ಗಳಲ್ಲಿ ಸಾಮಾನ್ಯವಾಗಿ ಹೊಗೆ ಸೆನ್ಸರ್ ಇರುವುದಿಲ್ಲ. ಇದ್ದರೆ ಪ್ರತಿ ಒಗ್ಗರಣೆಗೂ ಓಡುತ್ತಿತ್ತು. ಇದು ತಾನಾಗಿ ಓಡುವುದು ಶಾಖಕ್ಕೆ ಮಾತ್ರ.

ಮ್ಯಾನೇಜರ್, ಮೊದಲು ನಾಳೆಯ ವಿಷಯ. ವಾಲ್ವ್ ಮೇಲೆತ್ತಬೇಡಿ. ಟ್ಯಾಂಕ್ ಈಗ ಖಾಲಿ. ನಾಳೆ ನಿಜವಾಗಿ ಎಣ್ಣೆಗೆ ಬೆಂಕಿ ಹಿಡಿದರೆ ಮೇಲಿನಿಂದ ಒಂದು ಹನಿಯೂ ಬರುವುದಿಲ್ಲ. ಸಿಸ್ಟಮ್ ಕೆಲಸ ಮಾಡದಿರುವಾಗ ಅದರ ಕೆಳಗಿನ ಒಲೆ ಹಚ್ಚಬಾರದು ಅಂತ ಎನ್‌ಎಫ್‌ಪಿಎ 96 ಅನ್ನುವ ಅಮೆರಿಕದ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಈ ಸಿಸ್ಟಮ್‌ಗಳ ಕೈಪಿಡಿಗಳೂ ಅದನ್ನೇ ಹೇಳುತ್ತವೆ. ವಾಲ್ವ್ ತಪ್ಪಿಸಿ ಪೈಪ್ ಎಳೆಯುವುದಂತೂ ಬೇಡವೇ ಬೇಡ. ಎಣ್ಣೆ ಚೆಲ್ಲಿ. ಅದರಲ್ಲಿ ಪೊಟ್ಯಾಸಿಯಂ ಉಪ್ಪಿನ ದ್ರಾವಣ ಬೆರೆತಿದೆ, ಸ್ವಲ್ಪ ಭಾಗ ಸೋಪೇ ಆಗಿದೆ. ಸೋಸಿದರೆ ಹೋಗುವುದಿಲ್ಲ.

ಈಗ ಕಾರಣ. ಹುಡ್ ಒಳಗೆ, ಫಿಲ್ಟರಿನ ಹಿಂದೆ, ಒಂದು ತೆಳು ಸ್ಟೀಲ್ ಕೇಬಲ್ ಬಿಗಿಯಾಗಿ ಎಳೆದು ಕಟ್ಟಿರುತ್ತದೆ. ಅದರಲ್ಲಿ ಅಲ್ಲಲ್ಲಿ ಲಿಂಕ್‌ಗಳಿವೆ. ಎರಡು ಲೋಹದ ತಗಡನ್ನು ಬೇಗ ಕರಗುವ ಬೆಸುಗೆಯಿಂದ ಅಂಟಿಸಿದ ತುಂಡು ಅದು. ಬೆಸುಗೆ ಕರಗಿದರೆ ತಗಡುಗಳು ಬಿಡುತ್ತವೆ, ಕೇಬಲ್ ಸಡಿಲವಾಗುತ್ತದೆ. ಗೋಡೆಯ ಮೇಲಿನ ಪೆಟ್ಟಿಗೆಯೊಳಗಿನ ಸ್ಪ್ರಿಂಗ್ ಅದನ್ನೇ ಕಾಯುತ್ತಿರುತ್ತದೆ. ಸ್ಪ್ರಿಂಗ್ ಬಿಟ್ಟೊಡನೆ ಚಿಕ್ಕ ಗ್ಯಾಸ್ ಕಾರ್ಟ್ರಿಜ್‌ಗೆ ತೂತು ಬೀಳುತ್ತದೆ, ಅದರ ಒತ್ತಡ ಟ್ಯಾಂಕಿನ ದ್ರವವನ್ನು ಪೈಪಿಗೆ ನೂಕುತ್ತದೆ. ಅದೇ ಏಟಿಗೆ ಗ್ಯಾಸ್ ವಾಲ್ವ್ ಮುಚ್ಚುತ್ತದೆ. ಇದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ನೀವು ಕೇಳಿದ ‘ಠಕ್’ ಆ ಸ್ಪ್ರಿಂಗ್‌ದು.

ಒಂದು ಸಹಾಯ ಮಾಡಿ. ಹುಡ್ ಪೂರ್ತಿ ತಣ್ಣಗಾದ ಮೇಲೆ ಫಿಲ್ಟರ್ ತೆಗೆದು, ಬಿಟ್ಟುಹೋದ ಲಿಂಕ್ ಹುಡುಕಿ. ಅದರ ಮೇಲೆ ಒಂದು ಸಂಖ್ಯೆ ಕೊರೆದಿರುತ್ತದೆ. ಅದನ್ನು ಇಲ್ಲಿ ಹಾಕಿ. ತೊಳೆಯುವ ಮುಂಚೆ ಎಲ್ಲದರ ಫೋಟೋ ತೆಗೆಯಿರಿ. ಯಾವ ನಾಝಲಿನ ದ್ರವ ಎಲ್ಲಿ ಬಿದ್ದಿದೆ ಅನ್ನುವುದು ಕಾಣಬೇಕು.

ಕೋಟೇಶ್ವರದ ಅಕ್ಕ · ರಾತ್ರಿ 10:48

ಫೋಟೋ ತೆಗೆದಾದ ಮೇಲೆ ತೊಳೆಯುವುದನ್ನು ಬೆಳಿಗ್ಗೆಗೆ ಇಡಬೇಡಿ. ನಮ್ಮಲ್ಲಿ ಎರಡು ಮಳೆಗಾಲದ ಹಿಂದೆ ಹುಡುಗನೊಬ್ಬ ಫಿಲ್ಟರ್ ತೆಗೆಯುವಾಗ ಕೇಬಲ್‌ಗೆ ಕೈ ತಾಗಿ ಸಿಸ್ಟಮ್ ಓಡಿತ್ತು. ಆ ದ್ರವ ಕ್ಷಾರ. ಉಪ್ಪಿನ ಹಾಗೆ ಗಾಳಿಯ ತೇವ ಎಳೆಯುತ್ತದೆ, ನಮ್ಮ ಕರಾವಳಿಯ ಹವೆಯಲ್ಲಿ ಒಣಗುವುದೇ ಇಲ್ಲ. ಒಂದು ರಾತ್ರಿ ಬಿಟ್ಟದ್ದಕ್ಕೆ ಅಲ್ಯೂಮಿನಿಯಂ ಪಾತ್ರೆಗಳೆಲ್ಲ ಕಪ್ಪಾಗಿ ಗುಳಿ ಬಿದ್ದವು. ಬರ್ನರಿನ ಹಿತ್ತಾಳೆ ಭಾಗ ಹಸಿರು ಹಿಡಿಯಿತು. ಸ್ಟೀಲಿಗೆ ಏನೂ ಆಗಲಿಲ್ಲ.

ನಾವು ಮಾಡಿದ್ದು ಹೀಗೆ. ರಬ್ಬರ್ ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು ಮೊದಲು ಬಟ್ಟೆಯಿಂದ ನೊರೆ ಎತ್ತಿದೆವು. ಆಮೇಲೆ ಬಿಸಿನೀರು, ಪಾತ್ರೆ ಸೋಪು. ಮತ್ತೆ ಬರೀ ನೀರು, ಕೈಗೆ ಜಾರುವುದು ನಿಲ್ಲುವ ತನಕ. ಬರ್ನರ್ ಬಿಚ್ಚಿ ಒಂದೊಂದು ತೂತೂ ಚುಚ್ಚಿ ತೊಳೆದೆವು, ಅಲ್ಲಿ ಒಣಗಿದರೆ ಉರಿ ಹಳದಿ ಬರುತ್ತದೆ. ದೋಸೆ ಕಾವಲಿ ತೊಳೆದು, ಹೊಸದಾಗಿ ಎಣ್ಣೆ ಹಚ್ಚಿ ಪಳಗಿಸಬೇಕಾಯಿತು. ಒಲೆ ಪಕ್ಕ ತೆರೆದಿಟ್ಟಿದ್ದ ಚಟ್ನಿ, ಹಿಟ್ಟು, ಹೆಚ್ಚಿದ ಈರುಳ್ಳಿ ಎಲ್ಲ ಚೆಲ್ಲಿದೆವು. ಗೋಡೆಯ ಸ್ವಿಚ್ ಬೋರ್ಡಿಗೆ ಸಿಡಿದಿದ್ದರೆ ಎಲೆಕ್ಟ್ರಿಷಿಯನ್ ನೋಡುವ ತನಕ ಆನ್ ಮಾಡಬೇಡಿ.

ಮಲ್ಪೆ ಗಲ್ಫ್ ಕುಕ್ · ರಾತ್ರಿ 11:20

ನಾನು ದುಬೈಯ ಹೋಟೆಲಿನಲ್ಲಿ ಬಹಳ ವರ್ಷ ಫ್ರೈಯರ್ ಮೇಲೆ ಕೆಲಸ ಮಾಡಿದವನು. ಅಲ್ಲಿ ಒಮ್ಮೆ ನಿಜವಾದ ಬೆಂಕಿಯೇ ಆಯಿತು. ಥರ್ಮೋಸ್ಟಾಟ್ ಕೆಟ್ಟು ಎಣ್ಣೆ ಕಾಯುತ್ತಲೇ ಹೋಗಿ ತಾನಾಗಿ ಹೊತ್ತಿಕೊಂಡಿತು. ಉರಿ ಬೇಡ, ಕಿಡಿಯೂ ಬೇಡ, ಸುಮಾರು 360-370 ಡಿಗ್ರಿಗೆ ಎಣ್ಣೆ ತಾನೇ ಹತ್ತುತ್ತದೆ. ಲಿಂಕ್ ಕರಗುವ ಮುಂಚೆ ನಮ್ಮ ಹಿರಿಯ ಕುಕ್ ಸಿಸ್ಟಮನ್ನು ಕೈಯಿಂದ ಓಡಿಸಲು ಬಾಗಿಲ ಹತ್ತಿರ ಇರುವ ಕೆಂಪು ಹಿಡಿ ಎಳೆದರು. ಕೆಲವೇ ಸೆಕೆಂಡಿನಲ್ಲಿ ಬೆಂಕಿ ಆರಿತು.

ಹೇಳಬೇಕಾದ್ದು ಆಮೇಲೆ ಆದದ್ದು. ಒಬ್ಬ ಹೊಸಬ ಎಣ್ಣೆ ಹೇಗಿದೆ ನೋಡೋಣ ಅಂತ ಜಾಲರಿ ಸೌಟಿನಿಂದ ಮೇಲಿನ ನೊರೆ ಸರಿಸಿದ. ಭಗ್ ಅಂತ ಮತ್ತೆ ಹತ್ತಿತು. ಟ್ಯಾಂಕ್ ಆಗಲೇ ಖಾಲಿ. ಅಡುಗೆ ಎಣ್ಣೆಯ ಬೆಂಕಿ ಆರಿಸಲೆಂದೇ ಇರುವ, ಕೈಯಲ್ಲಿ ಹಿಡಿಯುವ ಕೆ ಕ್ಲಾಸ್ ಸಿಲಿಂಡರ್ ಪಕ್ಕದಲ್ಲೇ ಇತ್ತು, ಅದರಿಂದ ಆರಿಸಿದೆವು. ಒಮ್ಮೆ ಉರಿದ ಎಣ್ಣೆ ಎರಡನೇ ಸಲ ಇನ್ನೂ ಕಡಿಮೆ ಬಿಸಿಯಲ್ಲೇ ಹತ್ತುತ್ತದೆ ಅಂತ ಆಮೇಲೆ ತರಬೇತಿಯಲ್ಲಿ ಹೇಳಿದರು.

ಸುರತ್ಕಲ್ ಸರ್ವೀಸ್ · ರಾತ್ರಿ 11:34

ಮಲ್ಪೆಯವರು ಹೇಳಿದ್ದು ಪೂರ್ತಿ ಸರಿ. ಈ ದ್ರವ ಬಿಸಿ ಎಣ್ಣೆಗೆ ಬಿದ್ದಾಗ ಕ್ಷಾರ ಮತ್ತು ಕೊಬ್ಬು ಸೇರಿ ಸೋಪಿನ ನೊರೆ ಆಗುತ್ತದೆ. ಅದು ಎಣ್ಣೆಗೆ ಗಾಳಿ ತಾಗದಂತೆ ಮುಚ್ಚುತ್ತದೆ. ಅದರಲ್ಲಿರುವ ನೀರು ಹಬೆಯಾಗಿ ಎಣ್ಣೆಯ ಬಿಸಿ ತೆಗೆಯುತ್ತದೆ. ಎರಡೂ ಕೆಲಸ ಆಗಬೇಕು. ಬೆಂಕಿ ಕ್ಷಣದಲ್ಲಿ ಆರುತ್ತದೆ, ಎಣ್ಣೆ ತಣಿಯಲು ಬಹಳ ಹೊತ್ತು ಬೇಕು. ಅಷ್ಟು ಹೊತ್ತೂ ನೊರೆ ಒಡೆಯಬಾರದು. ಅದಕ್ಕೇ ನಾಝಲ್ ಮೆದುವಾಗಿ ಸಿಂಪಡಿಸುತ್ತದೆ, ಎಣ್ಣೆ ಎರಚದ ಹಾಗೆ.

ಉಡುಪಿ ಮ್ಯಾನೇಜರ್ · ಶನಿವಾರ ಬೆಳಿಗ್ಗೆ 7:15

ಎಲ್ಲರಿಗೂ ಧನ್ಯವಾದ. ಅಡುಗೆಮನೆ ತೆರೆಯಲಿಲ್ಲ. ಪಕ್ಕದ ಶೆಟ್ರ ಹಾಲ್‌ನ ಅಡುಗೆಮನೆಯಿಂದ ಇಡ್ಲಿ ಮತ್ತು ಸಾಂಬಾರ್ ಮಾತ್ರ ಮಾಡಿಸಿ ತರಿಸಿದೆವು. ರಾತ್ರಿ ಒಂದರ ತನಕ ತೊಳೆದೆವು, ಅಕ್ಕ ಹೇಳಿದ ಹಾಗೆಯೇ.

ಬಿಟ್ಟ ಲಿಂಕ್ ಬಾಣಲೆಯ ನೇರ ಮೇಲೆ ಸಿಕ್ಕಿತು. ಸಂಖ್ಯೆ 165. ಕಾವಲಿಯ ಮೇಲಿನದ್ದೂ 165, ಒಲೆಯ ಮೇಲಿನದ್ದೂ 165. ಹಳೇ ಕಾಗದ ಹುಡುಕಿದೆ. ಸಿಸ್ಟಮ್ ಹಾಕಿದಾಗಿನ ಹಾಳೆಯಲ್ಲಿ ಬಾಣಲೆಗೆ 280, ಕಾವಲಿಗೂ 280, ಒಲೆಗೆ 165 ಅಂತ ಇದೆ. ಹೋದ ವರ್ಷದ ಸರ್ವೀಸ್ ಹಾಳೆಯಲ್ಲಿ ‘ಲಿಂಕ್ 3 ಬದಲಿಸಿದೆ’ ಅಂತ ಮಾತ್ರ. ಇದು ಮುಖ್ಯವಾ?

ಸುರತ್ಕಲ್ ಸರ್ವೀಸ್ · ಬೆಳಿಗ್ಗೆ 7:52

ಇದೇ ಮುಖ್ಯ. ಸಂಖ್ಯೆಗಳು ಫ್ಯಾರನ್‌ಹೀಟ್‌ನಲ್ಲಿವೆ. 165 ಅಂದ್ರೆ 74 ಡಿಗ್ರಿ ಸೆಲ್ಸಿಯಸ್, 280 ಅಂದ್ರೆ 138 ಡಿಗ್ರಿ. ಆದರೆ 74ರ ಲಿಂಕ್ 73ರ ತನಕ ಗಟ್ಟಿ ಇರುತ್ತದೆ ಅಂತ ತಿಳಿಯಬಾರದು. ಬೆಸುಗೆ ಮೆತ್ತಗಿನ ಲೋಹ, ಮೇಲಿನಿಂದ ಸ್ಪ್ರಿಂಗಿನ ಎಳೆತ ಯಾವಾಗಲೂ ಇದೆ. ಕರಗುವ ಬಿಸಿಗಿಂತ ಬಹಳ ಕೆಳಗೇ ಅದು ನಿಧಾನವಾಗಿ ಜಾರಲು ಶುರುಮಾಡುತ್ತದೆ. ಅದಕ್ಕೆ ಪ್ರತಿ ಲಿಂಕಿಗೂ ಇಷ್ಟು ಬಿಸಿಯ ಜಾಗದವರೆಗೆ ಮಾತ್ರ ಹಾಕಬಹುದು ಅಂತ ಮಿತಿ ಇರುತ್ತದೆ. ನಾನು ಕೆಲಸ ಮಾಡುವ ಬ್ರ್ಯಾಂಡಿನಲ್ಲಿ 74ರ ಲಿಂಕಿಗೆ ಆ ಮಿತಿ 38 ಡಿಗ್ರಿ. 138ರದ್ದಕ್ಕೆ 107. ಏಪ್ರಿಲ್-ಮೇಯಲ್ಲಿ ನಮ್ಮ ಕಡೆಯ ಅಡುಗೆಮನೆ ಒಲೆ ಹಚ್ಚುವ ಮುಂಚೆಯೇ 38ರ ಹತ್ತಿರ ಇರುತ್ತದೆ. ಬಾಣಲೆಯ ಮೇಲೆ 74ರದ್ದು ಹಾಕುವ ಹಾಗೇ ಇಲ್ಲ.

ಆದದ್ದು ಹೀಗಿರಬೇಕು. ಹೋದ ಸರ್ವೀಸಿನಲ್ಲಿ ಮೂರಕ್ಕೂ ಕೈಗೆ ಸಿಕ್ಕ ಒಂದೇ ನಮೂನೆ ಹಾಕಿದ್ದಾರೆ. ಎಕ್ಸಾಸ್ಟ್ ಓಡುತ್ತಿದ್ದಾಗ ಬಿಸಿಗಾಳಿ ಹೊರಗೆ ಹೋಗುತ್ತಿತ್ತು, ಲಿಂಕ್ ಸೋಲುತ್ತಾ ಸೋಲುತ್ತಾ ತಡೆದುಕೊಂಡಿತು. ನಿನ್ನೆ ಫ್ಯಾನ್ ನಿಂತು ಹತ್ತು ನಿಮಿಷ ಬಿಸಿ ಅಲ್ಲೇ ತುಂಬಿತು. ಅಷ್ಟು ಸಾಕಾಯಿತು. ಸಿಸ್ಟಮ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದಕ್ಕೆ ಕೊಟ್ಟ ಲಿಂಕ್ ತಪ್ಪು.

ಭಾನುವಾರ ಬರುವವರಿಗೆ ಹಳೇ ಹಾಳೆಯಂತೆ ಲಿಂಕ್ ಹಾಕಿದರೂ ಬಿಸಿ ಅಳೆದು ಖಚಿತ ಮಾಡಿಕೊಳ್ಳಿ ಅನ್ನಿ. ಬಣ್ಣ ಬದಲಾಗುವ ಅಂಟುಪಟ್ಟಿ ಸಿಗುತ್ತದೆ. ಅದನ್ನು ಲಿಂಕಿನ ಪಕ್ಕ ಅಂಟಿಸಿ ಒಂದು ದಿನ ಪೂರ್ತಿ ಅಡುಗೆ ಮಾಡಿದರೆ, ಅತಿ ಹೆಚ್ಚು ಎಷ್ಟು ಮುಟ್ಟಿತು ಅನ್ನುವುದು ಕಪ್ಪಾಗಿ ಉಳಿಯುತ್ತದೆ.

ಕಾಪು ಕಿರಣ · ಬೆಳಿಗ್ಗೆ 8:20

ಹೊಗೆಯ ಬಗ್ಗೆ ಸರಿಪಡಿಸಿದ್ದಕ್ಕೆ ಥ್ಯಾಂಕ್ಸ್. ಹಾಗಾದರೆ ಅತಿ ದೊಡ್ಡ ಸಂಖ್ಯೆಯ ಲಿಂಕೇ ಹಾಕಿಬಿಟ್ಟರೆ? 260 ಡಿಗ್ರಿಯದ್ದು ಇದೆಯಂತೆ. ಆಗ ಕರೆಂಟ್ ಹೋದರೂ ಸುಮ್ನೆ ಓಡುವುದಿಲ್ಲ.

ಸುರತ್ಕಲ್ ಸರ್ವೀಸ್ · ಬೆಳಿಗ್ಗೆ 8:33

ಓಡುವುದಿಲ್ಲ, ಸರಿ. ಆದರೆ ನಿಜವಾದ ಬೆಂಕಿಯಲ್ಲೂ ತಡವಾಗಿ ಓಡುತ್ತದೆ. ಬೆಂಕಿ ಬಾಣಲೆಯಿಂದ ಫಿಲ್ಟರಿಗೆ, ಅಲ್ಲಿಂದ ಹೊಗೆ ಹೊರಗೆ ಒಯ್ಯುವ ಡಕ್ಟಿನ ಜಿಡ್ಡಿಗೆ ಹೋಗಲು ಆ ಹೊತ್ತು ಸಾಕು. ಅಳೆದ ಬಿಸಿಗೆ ಹೊಂದುವ ಅತಿ ಸಣ್ಣ ಸಂಖ್ಯೆ ಹಾಕಬೇಕು. ಅಂಟುಪಟ್ಟಿಯಲ್ಲಿ 80 ಬಂತು ಅಂತ ಇಟ್ಟುಕೊಳ್ಳಿ. 74ರದ್ದು ನಡೆಯುವುದಿಲ್ಲ, 138ರದ್ದು ಸರಿ, 182 ಬೇಡ.

ಮಲ್ಪೆ ಗಲ್ಫ್ ಕುಕ್ · ಬೆಳಿಗ್ಗೆ 9:02

ಅಳೆಯುವಾಗ ಎಕ್ಸಾಸ್ಟ್ ಓಡುತ್ತಿರಬೇಕಾ, ನಿಂತಿರಬೇಕಾ? ಇಲ್ಲಿ ಕರೆಂಟ್ ಹೋಗುವುದು ಮಾಮೂಲು. ನಿಂತಾಗಿನ ಬಿಸಿಗೇ ಲಿಂಕ್ ಆರಿಸುವುದು ಸರಿ ಅಂತ ನನಗೆ ಕಾಣುತ್ತದೆ.

ಸುರತ್ಕಲ್ ಸರ್ವೀಸ್ · ಬೆಳಿಗ್ಗೆ 9:15

ನಾನು ಒಪ್ಪುವುದಿಲ್ಲ. ಎಕ್ಸಾಸ್ಟ್ ನಿಂತರೆ ಒಲೆಯೂ ನಿಲ್ಲಬೇಕು, ಅದೇ ಕ್ರಮ. ಫ್ಯಾನ್ ಇಲ್ಲದೆ ಕರಿಯುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ಲಿಂಕ್ ಹಾಕಿದರೆ, ತಪ್ಪು ಅಭ್ಯಾಸಕ್ಕೆ ಸಿಸ್ಟಮ್ ಹೊಂದಿಸಿದ ಹಾಗಾಯಿತು. ಎಕ್ಸಾಸ್ಟ್ ಮೋಟರನ್ನು ಜನರೇಟರಿಗೆ ಹಾಕಿ.

ಮಲ್ಪೆ ಗಲ್ಫ್ ಕುಕ್ · ಬೆಳಿಗ್ಗೆ 9:24

ಕ್ರಮ ಹೌದು. ಆದರೆ ತಿಂಡಿ ಹೊತ್ತಿಗೆ ಭಟ್ರು ಒಲೆ ಆರಿಸುತ್ತಾರಾ? ಆರಿಸಿದರೂ ಬಾಣಲೆಯಲ್ಲಿ ಕಾದ ಎಣ್ಣೆ ಇರುತ್ತದೆ, ಅದರ ಬಿಸಿ ಮೇಲೆ ಏರುತ್ತಲೇ ಇರುತ್ತದೆ. ಆ ಬಿಸಿಯನ್ನಾದರೂ ಲೆಕ್ಕಕ್ಕೆ ಹಿಡಿಯಬೇಕು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಉಡುಪಿ ಮ್ಯಾನೇಜರ್ · ಬೆಳಿಗ್ಗೆ 11:40

ಫೋಟೋ ನೋಡುವಾಗ ಇನ್ನೊಂದು ಕಂಡಿತು. ಕಾವಲಿಗಳ ಮೇಲೆ ದ್ರವ ನಡುವಿಗೇ ಬಿದ್ದಿದೆ. ಬಾಣಲೆಯಲ್ಲಿ ಮಾತ್ರ ನೊರೆ ಒಂದು ಬದಿಗೆ, ಅರ್ಧಕ್ಕೂ ಕಡಿಮೆ. ಉಳಿದದ್ದು ಅಂಚಿನ ಮೇಲೆ, ಒಲೆಯ ಕಟ್ಟೆ ಮೇಲೆ ಹರಿದಿದೆ. ಇನ್ನೊಂದು ಬದಿಯಲ್ಲಿ ಎಣ್ಣೆ ಹಾಗೇ ಕಾಣುತ್ತಿದೆ. ಹೋದ ದೀಪಾವಳಿ ಹೊತ್ತಿಗೆ ಹಿಟ್ಟಿನ ಮೇಜು ಇಡಲು ಬಾಣಲೆಯ ಒಲೆಯನ್ನು ಒಂದೂವರೆ ಅಡಿ ಎಡಕ್ಕೆ ಸರಿಸಿದ್ದೆವು.

ಸುರತ್ಕಲ್ ಸರ್ವೀಸ್ · ಮಧ್ಯಾಹ್ನ 12:10

ಮ್ಯಾನೇಜರ್, ಲಿಂಕಿಗಿಂತ ಇದು ದೊಡ್ಡ ವಿಷಯ. ತಪ್ಪು ಲಿಂಕಿನಿಂದ ನಿಮಗೆ ಎರಡು ದಿನದ ವ್ಯಾಪಾರ ಹೋಯಿತು. ಇದರಿಂದ ಹೋಟೆಲೇ ಹೋಗಬಹುದಿತ್ತು.

ನಾಝಲ್ ಎಲ್ಲ ಕಡೆ ಸಿಂಪಡಿಸುವುದಿಲ್ಲ. ಇಷ್ಟು ಎತ್ತರದಿಂದ, ಈ ಜಾಗಕ್ಕೆ ಗುರಿ ಇಟ್ಟು, ಇಷ್ಟು ಅಗಲದ ಪಾತ್ರೆಗೆ ಅಂತ ಪ್ರತಿಯೊಂದನ್ನೂ ಪರೀಕ್ಷೆ ಮಾಡಿ ಪಟ್ಟಿ ಮಾಡಿರುತ್ತಾರೆ. ಪಾತ್ರೆ ಸರಿದರೆ ಆ ಪರೀಕ್ಷೆಗೆ ಬೆಲೆ ಇಲ್ಲ. ನಿಜವಾದ ಬೆಂಕಿ ಆಗಿದ್ದರೆ ನೊರೆ ಮುಚ್ಚದ ಆ ಅರ್ಧದಲ್ಲಿ ಎಣ್ಣೆ ಉರಿಯುತ್ತಲೇ ಇರುತ್ತಿತ್ತು, ಟ್ಯಾಂಕ್ ಖಾಲಿಯಾದ ಮೇಲೂ. ಒಲೆಯನ್ನು ಹಳೇ ಜಾಗಕ್ಕೆ ತನ್ನಿ, ಇಲ್ಲ ನಾಝಲ್ ಸರಿಸಿ. ಒಲೆಯ ಕಾಲು ನಿಲ್ಲುವ ಜಾಗದಲ್ಲಿ ನೆಲಕ್ಕೆ ಗುರುತು ಕೊರೆಸಿ, ಬಣ್ಣ ಒಂದೇ ಮಳೆಗಾಲಕ್ಕೆ ಹೋಗುತ್ತದೆ.

ಬಾಣಲೆಯ ಬಾಯಿ ಎಷ್ಟು ಅಗಲ?

ಉಡುಪಿ ಮ್ಯಾನೇಜರ್ · ಮಧ್ಯಾಹ್ನ 12:25

ಅಳೆದೆ, 32 ಇಂಚು. ಸಿಸ್ಟಮ್ ಹಾಕಿಸಿದಾಗ ಇದಕ್ಕಿಂತ ಸಣ್ಣದಿತ್ತು.

ಸುರತ್ಕಲ್ ಸರ್ವೀಸ್ · ಮಧ್ಯಾಹ್ನ 12:41

ಹಾಗಾದರೆ ಒಲೆ ಹಳೇ ಜಾಗಕ್ಕೆ ತಂದರೂ ಸಾಕಾಗದೆ ಇರಬಹುದು. ನಿಮ್ಮ ಬ್ರ್ಯಾಂಡಿನ ಕೈಪಿಡಿಯಲ್ಲಿ ಆ ನಾಝಲಿಗೆ ಗರಿಷ್ಠ ಅಗಲ ಬರೆದಿರುತ್ತದೆ. ನಾಳೆ ಬರುವವರು ಆ ಪುಟ ತೆಗೆದು ತೋರಿಸಲಿ. 32 ಇಂಚು ಅದರೊಳಗೆ ಇಲ್ಲದಿದ್ದರೆ ಸಣ್ಣ ಬಾಣಲೆ ಎರಡು ಇಟ್ಟು, ಎರಡು ನಾಝಲ್ ಹಾಕಬೇಕಾದೀತು. ಆಗ ಟ್ಯಾಂಕ್ ಸಾಲುತ್ತದಾ ಅಂತಲೂ ಲೆಕ್ಕ ಮಾಡಬೇಕು, ಒಂದು ಟ್ಯಾಂಕಿಗೆ ಇಷ್ಟೇ ನಾಝಲ್ ಅಂತ ಮಿತಿ ಇದೆ.

ಕೋಟೇಶ್ವರದ ಅಕ್ಕ · ಮಧ್ಯಾಹ್ನ 1:30

ತುಂಬಿಸಿ ಹೋಗುವಾಗ ನಾವು ಏನು ನೋಡಿಕೊಳ್ಳಬೇಕು? ನಮ್ಮಲ್ಲಿ ಬಂದವರು ಟ್ಯಾಂಕ್ ತುಂಬಿಸಿ ಅರ್ಧ ಗಂಟೆಯಲ್ಲಿ ಹೊರಟುಬಿಟ್ಟಿದ್ದರು.

ಸುರತ್ಕಲ್ ಸರ್ವೀಸ್ · ಮಧ್ಯಾಹ್ನ 2:05

ಅರ್ಧ ಗಂಟೆಯಲ್ಲಿ ಆಗುವ ಕೆಲಸ ಅಲ್ಲ ಅಕ್ಕ. ಮೊದಲು ಪೈಪಿನೊಳಗೆ ನೀರು ಹಾಯಿಸಿ ಉಳಿದ ದ್ರವ ತೊಳೆಯಬೇಕು, ಆಮೇಲೆ ಗಾಳಿ ಅಥವಾ ನೈಟ್ರೋಜನ್ ಊದಿ ಒಣಗಿಸಬೇಕು. ಇಲ್ಲದಿದ್ದರೆ ಒಳಗೆ ಉಪ್ಪು ಕಟ್ಟಿ ನಾಝಲ್ ಮುಚ್ಚುತ್ತದೆ. ಓಡಿದಾಗ ನಾಝಲ್‌ಗಳ ಮುಚ್ಚಳ ಹಾರಿಹೋಗಿರುತ್ತವೆ. ಒಂದೊಂದಕ್ಕೂ ಮುಚ್ಚಳ ವಾಪಸ್ ಬಂತಾ ಎಣಿಸಿ. ಮುಚ್ಚಳ ಇಲ್ಲದ ನಾಝಲ್‌ಗೆ ಕರಿದ ಜಿಡ್ಡು ಕೆಲವೇ ತಿಂಗಳಲ್ಲಿ ತುಂಬುತ್ತದೆ.

ಆಮೇಲೆ ಪರೀಕ್ಷೆ. ಹೊಸ ಕಾರ್ಟ್ರಿಜ್ ಹಾಕುವ ಮುಂಚೆಯೇ ಇದನ್ನು ಮಾಡಬೇಕು, ಆಗ ದ್ರವ ಹೊರಬರುವುದಿಲ್ಲ. ಕೇಬಲಿನ ಕೊನೆಯಲ್ಲಿ ಒಂದು ಪರೀಕ್ಷೆಯ ಲಿಂಕ್ ಹಾಕಿ ನಿಮ್ಮೆದುರೇ ಕತ್ತರಿಸಲಿ. ಸ್ಪ್ರಿಂಗ್ ಬಿಡಬೇಕು, ಗ್ಯಾಸ್ ವಾಲ್ವ್ ಮುಚ್ಚಬೇಕು. ಉರಿಯುತ್ತಿರುವ ಒಂದು ಬರ್ನರ್ ಆರುವುದನ್ನು ಕಣ್ಣಾರೆ ನೋಡಿ. ಮತ್ತೆ ಬಿಗಿದು, ಬಾಗಿಲ ಹತ್ತಿರದ ಕೆಂಪು ಹಿಡಿ ಎಳೆದು ಇನ್ನೊಮ್ಮೆ ನೋಡಿ. ನಮ್ಮ ಕಡೆ ಉಪ್ಪುಗಾಳಿಗೆ ಹಿಡಿಯ ಕೇಬಲ್ ತುಕ್ಕು ಹಿಡಿದು ಪೈಪಿನೊಳಗೇ ಸಿಕ್ಕಿಕೊಂಡಿರುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ. ಕಾರ್ಟ್ರಿಜ್ ಕೊನೆಗೆ ಹಾಕುವುದು. ಮರೆತು ಹೋದವರೂ ಇದ್ದಾರೆ. ಪೆಟ್ಟಿಗೆ ಮುಚ್ಚುವ ಮುಂಚೆ ನೀವೇ ಇಣುಕಿ ನೋಡಿ. ಸರ್ವೀಸ್ ಹಾಳೆಯಲ್ಲಿ ಪ್ರತಿ ಲಿಂಕಿನ ಜಾಗ ಮತ್ತು ಸಂಖ್ಯೆ ಬರೆಸಿಕೊಳ್ಳಿ. ಪೂರ್ತಿ ಸಿಸ್ಟಮನ್ನು ಆರು ತಿಂಗಳಿಗೊಮ್ಮೆ ನೋಡಬೇಕು, ಆಗಲೇ ಲಿಂಕ್ ಕೂಡ ಹೊಸದು ಹಾಕಬೇಕು.

ಬಜ್ಪೆ ಬಾಬಣ್ಣ · ಸಂಜೆ 4:50

ನನಗೆ ಈಗ ವಿಷಯ ತಿಳಿಯಿತು. ಒಂದು ಸಂಶಯ. ಬೆಂಕಿ ಬಿದ್ದರೆ ಎಕ್ಸಾಸ್ಟ್ ಆಫ್ ಮಾಡಬೇಕು ಅಲ್ವಾ? ಇಲ್ಲದಿದ್ದರೆ ಅದು ಬೆಂಕಿಯನ್ನು ಮೇಲೆ ಎಳೆಯುತ್ತದೆ.

ಸುರತ್ಕಲ್ ಸರ್ವೀಸ್ · ಸಂಜೆ 5:20

ಹೆಚ್ಚಿನವರು ಹಾಗೇ ತಿಳಿದಿದ್ದಾರೆ. ನಿಯಮ ಉಲ್ಟಾ ಇದೆ. ಎಕ್ಸಾಸ್ಟ್ ಓಡುತ್ತಲೇ ಇರಬೇಕು, ಹೊರಗಿನಿಂದ ಗಾಳಿ ತರುವ ಫ್ಯಾನ್ ಮಾತ್ರ ನಿಲ್ಲಬೇಕು. ಎಕ್ಸಾಸ್ಟ್ ಹೊಗೆಯನ್ನು ಕೆಲಸದವರ ಮುಖದಿಂದ ದೂರ ಎಳೆಯುತ್ತದೆ, ದ್ರವವನ್ನೂ ಡಕ್ಟಿನೊಳಗೆ ಒಯ್ಯುತ್ತದೆ.

ಉಡುಪಿ ಮ್ಯಾನೇಜರ್ · ಭಾನುವಾರ ರಾತ್ರಿ 8:15

ಸರ್ವೀಸ್‌ನವರು ಬಂದು ಹೋದರು. ಪೈಪ್ ತೊಳೆದು ಒಣಗಿಸಿದರು. ಲಿಂಕ್ ಕತ್ತರಿಸಿ ತೋರಿಸಿದರು, ಬರ್ನರ್ ಆರಿತು. ಕೆಂಪು ಹಿಡಿ ಮೊದಲ ಸಲ ಬರಲೇ ಇಲ್ಲ, ಒಳಗಿನ ಕೇಬಲ್ ಬದಲಿಸಬೇಕಾಯಿತು. ಬಾಣಲೆಗೂ ಕಾವಲಿಗೂ ಹಳೇ ಹಾಳೆಯಂತೆ 280ರ ಲಿಂಕ್ ಹಾಕಿದ್ದಾರೆ. ಪಕ್ಕದಲ್ಲಿ ಅಂಟುಪಟ್ಟಿ ಇದೆ, ವಾರದ ಮೇಲೆ ನೋಡಿ ಬೇಕಿದ್ದರೆ ಬದಲಿಸುತ್ತಾರೆ. ಎಕ್ಸಾಸ್ಟ್ ಮೋಟರಿಗೆ ಈಗಿನ ಜನರೇಟರ್ ಸಾಲುವುದಿಲ್ಲ ಅಂತ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಅಲ್ಲಿಯ ತನಕ ಕರೆಂಟ್ ಹೋದರೆ ಬಾಣಲೆ ಒಲೆ ಆರಿಸುವುದು ಅಂತ ಭಟ್ರ ಜೊತೆ ಮಾತಾಗಿದೆ.

32 ಇಂಚಿನ ಬಾಣಲೆ ಆ ನಾಝಲಿಗೆ ಆಗುವುದಿಲ್ಲ ಅಂತ ಕೈಪಿಡಿಯಲ್ಲೇ ಇತ್ತು. ಅದನ್ನು ಇಳಿಸಿ ಹಳೇ ಸಣ್ಣದನ್ನೇ ಹಳೇ ಜಾಗದಲ್ಲಿ ಇಟ್ಟಿದ್ದೇವೆ. ಭಾನುವಾರದ ಗಿರಾಕಿಗೆ ಅದು ಸಾಲುವುದಿಲ್ಲ. ಎರಡನೇ ಬಾಣಲೆಗೆ ನಾಝಲ್ ಸೇರಿಸಿದರೆ ಟ್ಯಾಂಕೂ ದೊಡ್ಡದಾಗಬೇಕಂತೆ. ಈ ಸಾಲಿಗೆ ಹಾಗೆ ಮಾಡಿಸಿದವರು ಯಾರಾದರೂ ಇದ್ದರೆ, ಹುಡ್ ಅಗಲ ಮಾಡಬೇಕಾಯಿತಾ ಅಂತ ತಿಳಿಸಿ.